ಮೂರು ದಿನದ ಒಂದೇ ಪೂಜೆ

ಶನಿವಾರದ ಇಳಿಬಿಸಿಲಿನಲ್ಲಿ ತೆಂಗಿನ ಮರದ ಬುಡಕ್ಕೆ ನಾಲ್ಕಾರು ಹುಡುಗರು ಸೇರಿದ್ದಾರೆ. ಎಲ್ಲರ ಕತ್ತೂ ಮೇಲಕ್ಕೆ. ಮರ ಹತ್ತಿದವನು ಮಚ್ಚು ಬೀಸುವ ಮೊದಲು ಒಂದೊಂದೇ ಗರಿಯನ್ನು ಕೈಯಲ್ಲಿ ತಡವಿ ನೋಡುತ್ತಾನೆ. ಅವನಿಗೆ ಬೇಕಾಗಿರುವುದು ಬಲಿತ ಹಸಿರು ಗರಿಯಲ್ಲ, ಇನ್ನೂ ಬಿಚ್ಚಿಕೊಳ್ಳದ ಬೆಣ್ಣೆ ಬಣ್ಣದ ಎಳೆಗರಿ. ಕೆಳಗೆ ನಿಂತ ಮುದುಕರೊಬ್ಬರು ಕೂಗಿ ಎಚ್ಚರಿಸುತ್ತಾರೆ: "ಒಳಗಿನ ಸುಳಿ ಮುಟ್ಟಬ್ಯಾಡ ಕಣ್ಲಾ, ಮರ ಕೆಟ್ಟೋಗ್ತದೆ!" ತೆಂಗಿಗೆ ಬೆಳೆಯುವ ಮೊಗ್ಗು ಒಂದೇ ಒಂದು. ಅಲ್ಲಿ ಗಾಯವಾದರೆ ಕೊಳೆ ರೋಗವೋ ಕುರುವಾಯಿ ದುಂಬಿಯೋ ಸೇರಿಕೊಂಡು ಮರವೇ ಹೋಗುತ್ತದೆ. ಹಾಗಾಗಿ ಒಂದು ಮರದಿಂದ ಒಂದೇ ಗರಿ. ಧೊಪ್ಪೆಂದು ಬಿದ್ದದ್ದನ್ನು ಹುಡುಗರು ಹೊತ್ತುಕೊಂಡು ಓಡುತ್ತಾರೆ. ಇಗರ್ಜಿಯ ಹಿಂದಿನ ಜಗಲಿಯಲ್ಲಿ ಹೆಂಗಸರು ಕಾಲು ಚಾಚಿ ಕೂತು ಎಸಳು ಬಿಡಿಸುತ್ತಾರೆ, ಕೆಲವನ್ನು ಮಡಿಚಿ ಸಣ್ಣ ಶಿಲುಬೆ ಹೆಣೆಯುತ್ತಾರೆ. ಎಳೆಗರಿಯ ಹಸಿ ವಾಸನೆ ಜಗಲಿ ತುಂಬಿಕೊಂಡಿದೆ.

ಇದು ಮೈಸೂರು ಸೀಮೆಯ ಒಂದು ಹಳ್ಳಿ, ಕನ್ನಡದಲ್ಲೇ ಪೂಜೆ ನಡೆಯುವ ಕಥೋಲಿಕ ಧರ್ಮಕೇಂದ್ರ. ನೀವು ಹೊಸಬರು, ಬನ್ನಿ. ನಾಳೆಯಿಂದ ಎಂಟು ದಿನ ಇಲ್ಲಿ ನಡೆಯುವುದನ್ನು ನೋಡೋಣ. ಶಿಲುಬೆಯ ಗುರುತು ಹಾಕಲು ಬಾರದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಗರಿ ಹಿಡಿಯಬಹುದು, ಮೋಂಬತ್ತಿ ಹಿಡಿಯಬಹುದು, ಶಿಲುಬೆಗೆ ಮುತ್ತಿಡಬಹುದು. ಪರಮಪ್ರಸಾದದ ಸಾಲಿಗೆ ಮಾತ್ರ ದೀಕ್ಷೆ ಪಡೆದ ಕಥೋಲಿಕರು ಹೋಗುತ್ತಾರೆ, ಆ ಹೊತ್ತಿನಲ್ಲಿ ನಿಮ್ಮ ಜಾಗದಲ್ಲೇ ಕೂತಿರಿ.

ಗರಿಗಳ ಭಾನುವಾರದ ಪೂಜೆ ಇಗರ್ಜಿಯ ಒಳಗೆ ಶುರುವಾಗುವುದಿಲ್ಲ. ಜನ ಸೇರುವುದು ಊರ ಇನ್ನೊಂದು ತುದಿಯಲ್ಲಿ, ಶಾಲೆಯ ಅಂಗಳದಲ್ಲಿ. ಯೇಸು ಕತ್ತೆಯ ಮರಿಯ ಮೇಲೆ ಕೂತು ಜೆರುಸಲೇಮನ್ನು ಹೊಕ್ಕ ಕಥೆ ಓದಬೇಕಾದರೆ ಜನರೂ ಎಲ್ಲಿಂದಲಾದರೂ ನಡೆದು ಬಂದು ಒಳಗೆ ಹೋಗಬೇಕಲ್ಲ. ಗುರುಗಳು ಕೆಂಪು ಪೂಜಾವಸ್ತ್ರ ತೊಟ್ಟು ಬರುತ್ತಾರೆ. ಎಲ್ಲರೂ ಗರಿಯನ್ನು ಎತ್ತಿ ಹಿಡಿಯುತ್ತಾರೆ, ತೀರ್ಥದ ಹನಿಗಳು ಮುಖದ ಮೇಲೂ ಬೀಳುತ್ತವೆ. ಹೊಸಾನ್ನ ಹಾಡುತ್ತಾ ಮೆರವಣಿಗೆ ಹೊರಡುತ್ತದೆ. ದಾರಿಯ ಎರಡೂ ಕಡೆಯ ಮನೆಗಳ ಮುಂದೆ ನೀರು ಚಿಮುಕಿಸಿದ್ದಾರೆ. ಹುಡುಗರ ಕೈಯಲ್ಲಿ ಗರಿ ಎಷ್ಟು ಹೊತ್ತು ಗರಿಯಾಗಿ ಉಳಿದೀತು? ಅರ್ಧ ದಾರಿಯಲ್ಲೇ ಅದು ಕತ್ತಿ, ಪೀಪಿ, ಉಂಗುರ, ಎಲ್ಲವೂ ಆಗುತ್ತದೆ.

ಒಳಗೆ ಹೋದ ಮೇಲೆ ಧಾಟಿ ತಟ್ಟನೆ ಬದಲಾಗುತ್ತದೆ. ಬೀದಿಯಲ್ಲಿ ಜಯಕಾರ ಹಾಕಿದ ಜನಕ್ಕೇ ಈಗ ಯೇಸುವಿನ ಪಾಡಿನ ಕಥೆಯನ್ನು ಉದ್ದಕ್ಕೂ ಓದಿ ಕೇಳಿಸುತ್ತಾರೆ. ಓದುವವರು ಮೂವರು. ಒಬ್ಬರದು ಕಥೆ ಹೇಳುವ ದನಿ, ಇನ್ನೊಬ್ಬರದು ಪೇತ್ರ, ಪಿಲಾತ ಮೊದಲಾದವರ ಮಾತು, ಕ್ರಿಸ್ತರ ಮಾತು ಗುರುಗಳದು. ಗುಂಪಿನ ಕೂಗನ್ನು ಎಷ್ಟೋ ಕಡೆ ಜನರೇ ಹೇಳುತ್ತಾರೆ. ಅವನನ್ನು ಶಿಲುಬೆಗೆ ಏರಿಸಿ ಎಂದು ತಾವೇ ಬಾಯಿಬಿಟ್ಟು ಕೂಗಬೇಕಾಗಿ ಬರುತ್ತದೆ, ಕೈಯಲ್ಲಿ ಗರಿ ಇನ್ನೂ ಹಾಗೇ ಇರುತ್ತದೆ. ಈ ಭಾನುವಾರದ ವೃತ್ತಾಂತ ಮೂರು ವರ್ಷಕ್ಕೊಂದು ಸುತ್ತಿನಂತೆ ಮತ್ತಾಯ, ಮಾರ್ಕ, ಲೂಕರಿಂದ ಬರುತ್ತದೆ. 2026ರದು ಮತ್ತಾಯನ ಸರದಿ. ಯೇಸು ಪ್ರಾಣ ಬಿಟ್ಟ ಮಾತು ಬಂದಾಗ ಓದು ನಿಲ್ಲುತ್ತದೆ, ಎಲ್ಲರೂ ಮೊಣಕಾಲೂರುತ್ತಾರೆ.

ಪೂಜೆ ಮುಗಿದ ಮೇಲೆ ಗರಿ ಮನೆಗೆ ಹೋಗಿ ದೇವರ ಪಟದ ಹಿಂದೆ ಸೇರುತ್ತದೆ. ವರ್ಷಪೂರ್ತಿ ಅಲ್ಲೇ ಒಣಗಿ, ಮುಂದಿನ ವಿಭೂತಿ ಬುಧವಾರಕ್ಕೆ ಮುಂಚೆ ಇಗರ್ಜಿಗೆ ಮರಳುತ್ತದೆ. ಅದನ್ನು ಸುಟ್ಟು ಮಾಡಿದ ಬೂದಿಯನ್ನೇ ತಪಸ್ಸು ಕಾಲದ ಮೊದಲ ದಿನ ಹಣೆಗೆ ಇಡುವುದು.

ಸೋಮವಾರದಿಂದ ಬುಧವಾರದವರೆಗೆ ಹೊರಗಿನವರ ಕಣ್ಣಿಗೆ ಕಾಣುವಂಥದ್ದು ಹೆಚ್ಚೇನಿಲ್ಲ. ಪಾಪನಿವೇದನೆಗೆ ಸಾಲು ನಿಲ್ಲುತ್ತದೆ, ಬೆಂಚುಗಳನ್ನು ಹೊರಗೆ ಹಾಕಿ ನೆಲ ತೊಳೆಯುತ್ತಾರೆ, ನೇರಳೆ ಬಟ್ಟೆ ಹೊದಿಸಿದ ಸಂತರ ಪ್ರತಿಮೆಗಳು ಮುಖ ಮುಚ್ಚಿಕೊಂಡು ನಿಂತಿರುತ್ತವೆ. ಗುರುಗಳೊಬ್ಬರು ಮಾತ್ರ ಒಂದು ದಿನ ಪಟ್ಟಣದ ಪ್ರಧಾನಾಲಯಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಧರ್ಮಾಧ್ಯಕ್ಷರು ಇಡೀ ವರ್ಷಕ್ಕೆ ಬೇಕಾಗುವ ಮೂರು ಬಗೆಯ ಎಣ್ಣೆಯನ್ನು ಆಶೀರ್ವದಿಸಿ ಹಂಚುತ್ತಾರೆ. ರೋಗಿಗಳಿಗೆ ಒಂದು, ದೀಕ್ಷೆಗೆ ಸಿದ್ಧರಾಗುವವರಿಗೆ ಒಂದು, ಸುಗಂಧ ಬೆರೆಸಿದ ಇನ್ನೊಂದು. ನಿಯಮದಂತೆ ಇದು ಗುರುವಾರ ಬೆಳಗಿನ ಪೂಜೆ. ದೂರದೂರಿನ ಗುರುಗಳು ಅದೇ ಸಂಜೆಯೊಳಗೆ ತಂತಮ್ಮ ಊರು ಮುಟ್ಟಬೇಕಲ್ಲ, ಅದಕ್ಕೇ ಬಹಳ ಕಡೆ ಒಂದೆರಡು ದಿನ ಮೊದಲೇ ಮುಗಿಸುತ್ತಾರೆ.

ಗುರುವಾರ ಮಧ್ಯಾಹ್ನ ಉಪದೇಶಿಗಳ ಜೊತೆ ಪೂಜಾಸಾಮಗ್ರಿಯ ಕೋಣೆಗೆ ಬನ್ನಿ. ಪೂಜೆಯ ಏರ್ಪಾಟೆಲ್ಲ ಅವರದೇ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅವರು ರೊಟ್ಟಿಯ ತೆಳು ಬಿಲ್ಲೆಗಳನ್ನು ಪಾತ್ರೆಗೆ ಎಣಿಸಿ ಹಾಕುತ್ತಿದ್ದಾರೆ. ಬೇರೆ ದಿನ ಇಷ್ಟು ಎಣಿಸುವುದಿಲ್ಲ, ಇವತ್ತಿನ ಲೆಕ್ಕ ಬೇರೆ. ನಾಳೆ ಶುಕ್ರವಾರ ಜಗತ್ತಿನ ಯಾವ ಕಥೋಲಿಕ ಇಗರ್ಜಿಯಲ್ಲೂ ಬಲಿಪೂಜೆ ಇಲ್ಲ. ನಾಳೆಯ ಪ್ರಸಾದವೂ ಇವತ್ತೇ ಆಗಬೇಕು. ಸಂಜೆಗೆ ಮೊದಲು ಪ್ರಸಾದ ಪೆಟ್ಟಿಗೆ ಪೂರ್ತಿ ಖಾಲಿಯಿರಬೇಕು, ಹಳೆಯದರಿಂದ ತುಂಬಿಸಿಕೊಳ್ಳುವಂತಿಲ್ಲ. ಇವತ್ತು ನಾನೂರು ಜನ ಬರುತ್ತಾರೆ, ನಾಳೆ ಪೇಟೆಯಿಂದ ರಜೆಗೆ ಬಂದವರೂ ಸೇರಿ ಆರುನೂರು ಎಂದಿಟ್ಟುಕೊಳ್ಳಿ. ಅಲ್ಲಿಗೆ ಸಾವಿರ ಆಯಿತು, ಮೇಲೆ ಐವತ್ತು. ಕಮ್ಮಿ ಬಿದ್ದರೆ ನಾಳೆ ಹೊಸದಾಗಿ ಮಾಡುವ ದಾರಿಯಿಲ್ಲ, ಗುರುಗಳು ಬಿಲ್ಲೆಗಳನ್ನು ಮುರಿಮುರಿದು ಕೊಡಬೇಕಾಗುತ್ತದೆ. ಉಳಿದರೆ ತೊಂದರೆಯಿಲ್ಲ. ಶನಿವಾರ ಯಾರಾದರೂ ಸಾವಿನ ಹಾಸಿಗೆಯಲ್ಲಿದ್ದರೆ ಅವರಿಗೆ ಒಯ್ಯಲು ಹೇಗೂ ಬೇಕು.

"ಇವತ್ತು ಸಂಜೆ ಶುರುವಾಗ್ತದಲ್ಲ, ಅದು ಮುಗಿಯೋದು ಭಾನುವಾರ ಬೆಳಗಿನ ಜಾವಕ್ಕೇ" ಎನ್ನುತ್ತಾರೆ ಉಪದೇಶಿಗಳು, ಎಣಿಕೆ ತಪ್ಪದಂತೆ ಬೆರಳನ್ನು ಅಲ್ಲೇ ಇಟ್ಟುಕೊಂಡು. "ನಡುವೆ ಮನೆಗೋಗಿ ಉಂಡು ಮಲಗ್ತೀವಿ, ಅಷ್ಟೇಯ."

ಈ ಮಾತನ್ನು ನೆನಪಿಟ್ಟುಕೊಂಡು ಸಂಜೆಯ ಪೂಜೆಗೆ ಹೋಗೋಣ. ಇವತ್ತು ಬಿಳಿಯ ಪೂಜಾವಸ್ತ್ರ. ಯೇಸು ಶಿಷ್ಯರೊಡನೆ ಕೊನೆಯ ಊಟ ಮಾಡಿದ ಸಂಜೆ. ತಪಸ್ಸು ಕಾಲದುದ್ದಕ್ಕೂ ಹೆಚ್ಚುಕಡಿಮೆ ಮೂಕವಾಗಿದ್ದ ಮಹಿಮಾಗಾನ ಇಂದು ಎದ್ದೇಳುತ್ತದೆ. ಅದು ಮುಗಿಯುವವರೆಗೂ ಗೋಪುರದ ದೊಡ್ಡ ಗಂಟೆ, ಬಲಿಪೀಠದ ಕೈಗಂಟೆಗಳು ಒಂದೇ ಸಮನೆ ಮೊಳಗುತ್ತವೆ. ಚೆನ್ನಾಗಿ ಕೇಳಿಸಿಕೊಳ್ಳಿ. ಈಗ ನಿಂತರೆ ಗಂಟೆ ಮತ್ತೆ ದನಿ ತೆಗೆಯುವುದು ಶನಿವಾರ ರಾತ್ರಿ ಕಳೆಯುವ ಹೊತ್ತಿಗೆ. ಅಲ್ಲಿಯವರೆಗೆ ಗಂಟೆಯ ಕೆಲಸಕ್ಕೆ ಒಂದು ಮರದ ಹಲಗೆಯಿದೆ. ಅದಕ್ಕೊಂದು ಹಿಡಿ, ಎರಡೂ ಮುಖಕ್ಕೆ ಕೊಂಡಿಯಲ್ಲಿ ತೂಗುವ ಮರದ ಸುತ್ತಿಗೆಗಳು. ಅಲ್ಲಾಡಿಸಿದರೆ ಕಟಕಟ ಕಟಕಟ ಎಂಬ ಒಣ ಸದ್ದು.

ಶುಭಸಂದೇಶ, ಪ್ರಬೋಧನೆ ಮುಗಿದ ಮೇಲೆ ಮುಂದಿನ ಸಾಲಿನ ಹನ್ನೆರಡು ಜನ ಬಲಗಾಲಿನ ಚಪ್ಪಲಿ ಬಿಡುತ್ತಾರೆ. ಹೊಲದಲ್ಲಿ ಗೇಯ್ದು ಹಿಮ್ಮಡಿ ಬಿರಿದವರು, ಕಾಲೇಜು ಹುಡುಗಿ, ವಯಸ್ಸಾದ ದಾದಿ, ಹೀಗೆ. ಮನೆಯಲ್ಲಿ ಕಲ್ಲಿಗೆ ಚೆನ್ನಾಗಿ ಉಜ್ಜಿ ತೊಳೆದುಕೊಂಡೇ ಬಂದಿದ್ದಾರೆ. ಆದರೂ ಗುರುಗಳು ಮೇಲ್ವಸ್ತ್ರ ತೆಗೆದು, ಸೊಂಟಕ್ಕೆ ಬಿಳಿ ಬಟ್ಟೆ ಕಟ್ಟಿ ತಮ್ಮೆದುರು ಮಂಡಿಯೂರಿದಾಗ ಮುದುಕರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ತಂಬಿಗೆಯಿಂದ ಪಾದದ ಮೇಲೆ ನೀರು ಸುರಿದು ಹಿತ್ತಾಳೆ ಬೋಗುಣಿಗೆ ಇಳಿಯುತ್ತದೆ, ಟವೆಲು ಒತ್ತುತ್ತದೆ, ಮುಂದಿನ ಪಾದ. ಶಿಷ್ಯರು ಹನ್ನೆರಡು ಎಂದು ರೂಢಿಯಲ್ಲಿ ಹನ್ನೆರಡು ಜನರನ್ನು ಕೂರಿಸುತ್ತಾರೆ, ಪೂಜಾಗ್ರಂಥದಲ್ಲಿ ಇಷ್ಟೇ ಎಂಬ ಲೆಕ್ಕವಿಲ್ಲ. ಮೊದಲು ಗಂಡಸರು ಮಾತ್ರ ಕೂರುತ್ತಿದ್ದರು. ಹೆಂಗಸರೂ ಕೂರಬಹುದೆಂದು ರೋಮಿನಿಂದ ಆದೇಶ ಬಂದದ್ದು 2016ರ ಜನವರಿಯಲ್ಲಿ, ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ.

ಪರಮಪ್ರಸಾದ ಹಂಚಿದ ಮೇಲೆ ಹೊಸಬರು ಗಮನಿಸಬೇಕಾದದ್ದು ಶುರುವಾಗುತ್ತದೆ. ಯಾವುದೇ ಪೂಜೆಯ ಕೊನೆಗೆ ಗುರುಗಳು ಜನರನ್ನು ಆಶೀರ್ವದಿಸಿ, ಸಮಾಧಾನದಿಂದ ಹೋಗಿಬನ್ನಿ ಎಂದು ಬೀಳ್ಕೊಡುತ್ತಾರೆ. ಇವತ್ತು ಆ ಮಾತು ಬರುವುದಿಲ್ಲ. ಅದರ ಬದಲು ಧೂಪದ ಹೊಗೆ ಏಳುತ್ತದೆ, ಗುರುಗಳ ಹೆಗಲ ಮೇಲೆ ಉದ್ದದ ಶಲ್ಯ ಹೊದಿಸುತ್ತಾರೆ. ಅದರ ಅಂಚಿನಲ್ಲೇ ಕೈ ಮುಚ್ಚಿಕೊಂಡು ಅವರು ನಾಳೆಗೆ ಉಳಿಸಿದ ಪ್ರಸಾದದ ಪಾತ್ರೆಯನ್ನು ಎದೆಗೊತ್ತಿ ಹೊರಡುತ್ತಾರೆ. ಮುಂದೆ ಮರದ ಹಲಗೆಯ ಕಟಕಟ, ಹಿಂದೆ ಮೋಂಬತ್ತಿ ಹಿಡಿದ ಜನ. ಇಗರ್ಜಿಯ ಪಕ್ಕದ ಸಣ್ಣ ಗುಡಿಯಲ್ಲಿ ಮಲ್ಲಿಗೆ, ಸುಗಂಧರಾಜ ಇಟ್ಟು ಒಂದು ಪೀಠ ಸಿದ್ಧಮಾಡಿದ್ದಾರೆ, ಪ್ರಸಾದ ಅಲ್ಲಿಗೆ ಸೇರುತ್ತದೆ. ಅಷ್ಟರಲ್ಲಿ ಉಪದೇಶಿಗಳೂ ಇಬ್ಬರು ಹುಡುಗರೂ ಮುಖ್ಯ ಬಲಿಪೀಠವನ್ನು ಬರಿದು ಮಾಡುತ್ತಿದ್ದಾರೆ. ಹೂದಾನಿ ಹೋಯಿತು, ದೀಪಸ್ತಂಭ ಹೋಯಿತು, ಮೂರು ಪದರದ ಬಿಳಿ ಬಟ್ಟೆಯನ್ನು ಸುರುಳಿ ಸುತ್ತಿ ಒಳಗೊಯ್ದರು. ಖಾಲಿಯಾದ ಪ್ರಸಾದ ಪೆಟ್ಟಿಗೆಯ ಬಾಗಿಲು ತೆರೆದೇ ಇದೆ, ಪಕ್ಕದಲ್ಲಿ ಸದಾ ಉರಿಯುವ ಕೆಂಪು ದೀಪವೂ ಆರಿದೆ. ಉಳಿದದ್ದು ಬರೀ ಕಲ್ಲು.

ಗುಡಿಯ ಮುಂದೆ ನಡುರಾತ್ರಿಯವರೆಗೆ ಬೀದಿಗೊಂದು ಗಂಟೆಯಂತೆ ಸರದಿಯಲ್ಲಿ ಜನ ಕೂರುತ್ತಾರೆ. ಆ ರಾತ್ರಿ ಎಚ್ಚರವಾಗಿರಿ ಎಂದು ಯೇಸು ಶಿಷ್ಯರನ್ನು ಕೇಳಿಕೊಂಡಿದ್ದರು, ಅವರು ನಿದ್ದೆ ಹೋದರು. ಹೊರಗೆ ಬಂದು ಅಂಗಳದಲ್ಲಿ ನಿಂತರೆ ದೀಪ ಬೇಡವೆನ್ನುವಷ್ಟು ಬೆಳದಿಂಗಳು. ಈ ಗುರುವಾರ ಯಾವ ವರ್ಷ ಬಂದರೂ ಚಂದ್ರ ಹುಣ್ಣಿಮೆಯ ಆಚೀಚೆ ಕೆಲವೇ ದಿನ ಇರುತ್ತಾನೆ, ಹಬ್ಬದ ಲೆಕ್ಕವೇ ಹಾಗಿದೆ. ಮಾರ್ಚ್ 21ರಂದೋ ಅದರ ಮುಂದೋ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ ಈಸ್ಟರ್. ಹಾಗಾಗಿ ಹಬ್ಬ ಮಾರ್ಚ್ 22ಕ್ಕಿಂತ ಮೊದಲು ಬರಲಾರದು, ಏಪ್ರಿಲ್ 25ನ್ನು ದಾಟಲಾರದು. ಆ ಹುಣ್ಣಿಮೆ ಸಾಮಾನ್ಯವಾಗಿ ನಮ್ಮ ಚೈತ್ರದ್ದು, ಬೆಂಗಳೂರಿನಲ್ಲಿ ಕರಗ ಹೊರಡುವ ಹುಣ್ಣಿಮೆ. ಆಗೊಮ್ಮೆ ಈಗೊಮ್ಮೆ ಒಂದು ತಿಂಗಳು ಹಿಂದಕ್ಕೆ ಸರಿದು ಕಾಮನ ಹುಣ್ಣಿಮೆಯಾಗುತ್ತದೆ. 2026ರಲ್ಲಿ ಹುಣ್ಣಿಮೆ ಏಪ್ರಿಲ್ 2, ಅಂದರೆ ಪವಿತ್ರ ಗುರುವಾರವೇ. ಹಬ್ಬ ಏಪ್ರಿಲ್ 5.

ಶುಕ್ರವಾರ ಊರಿನಲ್ಲಿ ಒಗ್ಗರಣೆಯ ವಾಸನೆಯಿಲ್ಲ. ಹದಿನೆಂಟು ತುಂಬಿದವರಿಂದ ಅರವತ್ತಕ್ಕೆ ಕಾಲಿಡುವವರವರೆಗೆ ಎಲ್ಲರಿಗೂ ಉಪವಾಸ, ದಿನಕ್ಕೆ ಒಂದೇ ಹೊಟ್ಟೆತುಂಬ ಊಟ. ಮಾಂಸವಂತೂ ಹದಿನಾಲ್ಕು ದಾಟಿದ ಯಾರಿಗೂ ಇಲ್ಲ. ಬೆಳಿಗ್ಗೆ ಶಿಲುಬೆ ಹಾದಿ. ಮರದ ದೊಡ್ಡ ಶಿಲುಬೆಯನ್ನು ಹೆಗಲಿನಿಂದ ಹೆಗಲಿಗೆ ಸಾಗಿಸುತ್ತಾ ಹದಿನಾಲ್ಕು ಕಡೆ ನಿಂತು, ಬಿಸಿಲಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಗುಡ್ಡ ಹತ್ತಿ ಇಳಿಯುತ್ತಾರೆ. ಇಳಿದು ಬಂದವರಿಗೆ ದಾರಿಯ ಬದಿಯಲ್ಲಿ ನೀರು ಮಜ್ಜಿಗೆ ಹಿಡಿದು ನಿಂತಿರುವವರಲ್ಲಿ ಕ್ರೈಸ್ತರಲ್ಲದ ಮನೆಯವರೂ ಇದ್ದಾರೆ.

ದಿನದ ಮುಖ್ಯ ಆರಾಧನೆ ಮಧ್ಯಾಹ್ನ ಮೂರಕ್ಕೆ, ಯೇಸು ಪ್ರಾಣ ಬಿಟ್ಟ ಹೊತ್ತಿಗೆ. ಗಂಟೆಯಿಲ್ಲ, ಹಾಡಿಲ್ಲ, ಬಾಗಿಲ ಬಳಿಯ ಬಟ್ಟಲಿನಲ್ಲಿ ತೀರ್ಥವೂ ಇಲ್ಲ. ಕೆಂಪು ವಸ್ತ್ರದ ಗುರುಗಳು ಸದ್ದಿಲ್ಲದೆ ಬಂದು, ಬರಿದಾದ ಬಲಿಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗುತ್ತಾರೆ. ಜನರೆಲ್ಲ ಮಂಡಿಯೂರುತ್ತಾರೆ. ಫ್ಯಾನು ತಿರುಗುವ ಸದ್ದು, ಎಲ್ಲೋ ಒಂದು ಮಗು ಕೊಸರಾಡುವುದು, ಅಷ್ಟೇ ಕೇಳುತ್ತದೆ. ಅವರು ಎದ್ದ ಮೇಲೂ ಜನರಿಗೆ ವಂದನೆ ಹೇಳುವುದಿಲ್ಲ, ಶಿಲುಬೆಯ ಗುರುತಿನಿಂದ ಶುರುಮಾಡುವುದಿಲ್ಲ. ನೇರವಾಗಿ ಪ್ರಾರ್ಥನೆಗೇ ಹೋಗುತ್ತಾರೆ. ನಿನ್ನೆ ಮುಗಿಸಿದ್ದರೆ ತಾನೆ ಇವತ್ತು ಹೊಸದಾಗಿ ಆರಂಭಿಸುವುದು!

ಪಾಡಿನ ಕಥೆ ಇವತ್ತು ಪ್ರತಿವರ್ಷವೂ ಯೊವಾನ್ನನದೇ. ಅದಾದ ಮೇಲೆ ಹತ್ತು ಕೋರಿಕೆಗಳು. ಯಾರಿಗಾಗಿ ಎಂದು ಹೇಳುತ್ತಾರೆ, ಮಂಡಿಯೂರಿ ಮೌನವಾಗಿರುತ್ತಾರೆ, ಎದ್ದು ಪ್ರಾರ್ಥಿಸುತ್ತಾರೆ. ಹತ್ತು ಸಲ ಹೀಗೆ ಎದ್ದು ಕೂತು ಉಪವಾಸದ ಮಂಡಿಗಳು ನಡುಗುತ್ತವೆ. ಧರ್ಮಸಭೆ, ಪೋಪ್ ಎಂದು ಒಳಮನೆಯಿಂದ ಹೊರಟ ಪಟ್ಟಿ ಹಂತಹಂತವಾಗಿ ಹೊರಕ್ಕೆ ಹರಡುತ್ತದೆ. ಆರನೆಯದು ಯೆಹೂದ್ಯರಿಗಾಗಿ. ಒಂದು ಕಾಲದಲ್ಲಿ ಅವರನ್ನು ನಂಬಿಕೆಗೇಡಿಗಳೆನ್ನುವ ಲ್ಯಾಟಿನ್ ಪದವೊಂದು ಇದರಲ್ಲಿತ್ತು, 23ನೇ ಜಾನ್ 1959ರಲ್ಲಿ ಅದನ್ನು ತೆಗೆಸಿದರು. ಏಳನೆಯದು ಕ್ರಿಸ್ತರನ್ನು ನಂಬದವರಿಗಾಗಿ, ಎಂಟನೆಯದು ದೇವರನ್ನೇ ನಂಬದವರಿಗಾಗಿ. ನೀವು ಯಾರೇ ಆಗಿರಿ, ಈ ಹತ್ತರಲ್ಲಿ ಎಲ್ಲೋ ಒಂದು ಕಡೆ ನೀವೂ ಬಂದುಹೋಗಿರುತ್ತೀರಿ.

ಆಮೇಲೆ ನೇರಳೆ ಬಟ್ಟೆ ಮುಚ್ಚಿದ ಶಿಲುಬೆಯನ್ನು ತರುತ್ತಾರೆ. ಗುರುಗಳು ಮೊದಲು ಮೇಲ್ತುದಿ, ನಂತರ ಬಲತೋಳು, ಕೊನೆಗೆ ಪೂರ್ತಿ, ಹೀಗೆ ಮೂರು ಹಂತದಲ್ಲಿ ಬಟ್ಟೆ ಸರಿಸುತ್ತಾರೆ. ಪ್ರತಿಸಲವೂ ಹಾಡು ಒಂದು ಸ್ವರ ಮೇಲೇರುತ್ತದೆ. ಜನ ಸಾಲಾಗಿ ಬಂದು ಬಗ್ಗಿ ಪಾದಕ್ಕೆ ಮುತ್ತಿಡುತ್ತಾರೆ. ಪಕ್ಕದಲ್ಲಿ ನಿಂತ ಹುಡುಗ ಒಬ್ಬೊಬ್ಬರಿಗೂ ಬಿಳಿ ಕರವಸ್ತ್ರದಿಂದ ಒರೆಸುತ್ತಾನೆ. ಎಲ್ಲರದೂ ಮುಗಿಯಲು ಮುಕ್ಕಾಲು ಗಂಟೆ ಹಿಡಿದರೂ ಒಂದಕ್ಕೆ ಬದಲು ಎರಡು ಶಿಲುಬೆ ಇಡುವಂತಿಲ್ಲ, ಒಂದೇ ಇರಬೇಕೆಂದು ನಿಯಮ. ಕೊನೆಗೆ ಬಲಿಪೀಠಕ್ಕೆ ಒಂದೇ ಒಂದು ಬಟ್ಟೆ ಹಾಸಿ, ನಿನ್ನೆಯ ಪ್ರಸಾದ ತಂದು ಹಂಚುತ್ತಾರೆ. ಮತ್ತೆ ಬಟ್ಟೆ ಎತ್ತುತ್ತಾರೆ. ಇವತ್ತೂ ಹೋಗಿಬನ್ನಿ ಎನ್ನುವವರಿಲ್ಲ. ಜನ ಒಬ್ಬೊಬ್ಬರಾಗಿ ಶಿಲುಬೆಗೆ ಮಂಡಿಯೂರಿ ಹೊರಗೆ ಹೋಗುತ್ತಾರೆ. ಹೊಸಬರು ಇನ್ನೇನೋ ಇದೆ ಎಂದು ಕಾಯುತ್ತಾ ಕೂತುಬಿಡುವುದು ಇಲ್ಲೇ. ಸಂಜೆ ಇಗರ್ಜಿಯ ಹಿತ್ತಲಿನಲ್ಲಿ ದೊಡ್ಡ ಹಂಡೆಯ ಗಂಜಿ, ಉಪ್ಪಿನಕಾಯಿ. ಊರೆಲ್ಲ ಅಲ್ಲೇ ಕೂತು ಕುಡಿಯುತ್ತದೆ.

ಶನಿವಾರ ಹಗಲು ಯಾವ ಪೂಜೆಯೂ ಇಲ್ಲ. ಕೆಲಸ ಮಾತ್ರ ಬೆಟ್ಟದಷ್ಟು. ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ತಿಕ್ಕಬೇಕು, ನೀರು ತುಂಬಬೇಕು, ಸಣ್ಣ ಮೋಂಬತ್ತಿಗಳಿಗೆ ಕಾಗದದ ಬಿಲ್ಲೆ ಸಿಕ್ಕಿಸಬೇಕು, ಇಲ್ಲದಿದ್ದರೆ ಕರಗಿದ ಮೇಣ ಕೈ ಸುಡುತ್ತದೆ. ಉಪದೇಶಿಗಳು ಪಾಸ್ಖ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಸುಮಾರು ಮೂರಡಿಯ ದಪ್ಪ ಮೇಣದ ಕಂಬ. ಪ್ರತಿವರ್ಷ ಹೊಸದು, ಊರಿಗೆ ಒಂದೇ, ಮೇಣದ್ದೇ ಆಗಿರಬೇಕು. ಒಳಗೆ ಎಣ್ಣೆ ತುಂಬಿದ ಪ್ಲಾಸ್ಟಿಕ್ ಕೊಳವೆ ನಡೆಯದು. ಅವರು ಬತ್ತಿಯ ಸುತ್ತ ಮೇಣವನ್ನು ಚಾಕುವಿನಿಂದ ಕೆರೆದು, ಒಂದು ಸಲ ಹೊತ್ತಿಸಿ ಎರಡು ನಿಮಿಷ ಉರಿಸಿ ಆರಿಸುತ್ತಾರೆ. ಹೊಸ ಬತ್ತಿ ಮೇಣದಲ್ಲಿ ಹೂತುಕೊಂಡಿದ್ದರೆ ಕತ್ತಲಲ್ಲಿ ಎಲ್ಲರೂ ಕಾಯುತ್ತಿರುವಾಗಲೇ ಹತ್ತದೆ ಕೈಕೊಡುತ್ತದೆ. ಒಮ್ಮೆ ಉರಿದ ಬತ್ತಿ ಬೇಗ ಬೆಂಕಿ ಹಿಡಿಯುತ್ತದೆ.

ಹೆಚ್ಚಿನ ಊರುಗಳಲ್ಲಿ ಜಾಗರಣೆ ರಾತ್ರಿ ಹತ್ತು ಹನ್ನೊಂದಕ್ಕೆ ಶುರು. ನಿಯಮ ಕೇಳುವುದು ಎರಡೇ. ಕತ್ತಲಾದ ಮೇಲೆ ಆರಂಭಿಸಬೇಕು, ಭಾನುವಾರದ ಬೆಳಕು ಹರಿಯುವ ಮುನ್ನ ಮುಗಿಸಬೇಕು. ಈ ಊರಿನವರು ಎರಡನೆಯ ತುದಿಯನ್ನು ಹಿಡಿದವರು, ರಾತ್ರಿ ಎರಡೂವರೆಗೆ ಸೇರುತ್ತಾರೆ. ಹಳಬರ ಬಾಲ್ಯದಲ್ಲಿ ಇದೆಲ್ಲ ಶನಿವಾರ ಬೆಳಿಗ್ಗೆಯೇ ಲ್ಯಾಟಿನ್ನಿನಲ್ಲಿ ಮುಗಿದುಹೋಗುತ್ತಿತ್ತು. ಕಿಟಕಿಯಿಂದ ಬಿಸಿಲು ಸುರಿಯುತ್ತಿರುವಾಗ ಈ ಪವಿತ್ರ ರಾತ್ರಿ ಎಂದು ಹಾಡುವ ಅಭಾಸ ಶತಮಾನಗಳ ಕಾಲ ನಡೆದುಕೊಂಡು ಬಂದಿತ್ತು. 12ನೇ ಪಯಸ್ 1951ರಲ್ಲಿ ಪ್ರಯೋಗವಾಗಿ ಅದನ್ನು ರಾತ್ರಿಗೆ ಮರಳಿಸಿದರು, 1956ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ಕನ್ನಡ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ.

ಎರಡೂವರೆ. ಊರ ದೀಪಗಳೆಲ್ಲ ಆರಿವೆ. ಚಂದ್ರ ದಕ್ಷಿಣದ ಕಡೆ ಎತ್ತರದಲ್ಲಿದ್ದಾನೆ, ಮೂರು ದಿನಕ್ಕೆ ಒಂದು ಮಗ್ಗುಲು ಸವೆದಿದೆ. ಅಂಗಳದಲ್ಲಿ ಒಟ್ಟಿದ ಕರಟ, ಸೋಗೆಗಳಿಗೆ ಬೆಂಕಿ ಇಡುತ್ತಾರೆ. ಸೋಗೆ ಭಗ್ಗೆಂದು ಹತ್ತಿ ಬೇಗ ಇಳಿಯುತ್ತದೆ, ಕರಟ ಕೆಂಡವಾಗಿ ನಿಲ್ಲುತ್ತದೆ. ಆ ಕೆಂಡವೇ ಧೂಪಕ್ಕೂ ಹೋಗುತ್ತದೆ. ಗುರುಗಳು ಬೆಂಕಿಯನ್ನು ಆಶೀರ್ವದಿಸಿ, ಮೊನಚಾದ ಕಡ್ಡಿಯಿಂದ ದೀಪದ ಮೇಲೆ ಶಿಲುಬೆ ಕೊರೆಯುತ್ತಾರೆ. ಅದರ ಮೇಲೆ ಗ್ರೀಕ್ ಅಕ್ಷರಮಾಲೆಯ ಮೊದಲಿನ ಆಲ್ಫಾ, ಕೆಳಗೆ ಕೊನೆಯ ಒಮೇಗಾ, ನಾಲ್ಕು ಮೂಲೆಯಲ್ಲಿ 2, 0, 2, 6. ಐದು ಗಾಯಗಳ ಗುರುತಾಗಿ ಧೂಪದ ಕಾಳು ಹುದುಗಿಸಿದ ಐದು ಮೊಳೆ ಚುಚ್ಚುತ್ತಾರೆ. ದೀಪವನ್ನು ನೇರ ಬೆಂಕಿಗೆ ಒಡ್ಡಿದರೆ ತುದಿ ಕರಗಿ ಬಾಗುತ್ತದೆ, ಅದಕ್ಕೇ ಉದ್ದನೆ ಕಡ್ಡಿಯಲ್ಲಿ ಉರಿ ತೆಗೆದು ಬತ್ತಿಗೆ ಮುಟ್ಟಿಸುತ್ತಾರೆ. ಗಾಳಿ ಬಂದಾಗ ನಾಲ್ಕು ಜನ ಬೆನ್ನು ಕೊಟ್ಟು ಗೋಡೆಯಾಗಿ ನಿಲ್ಲುತ್ತಾರೆ.

ಇಗರ್ಜಿ ಒಳಗೆ ಕಗ್ಗತ್ತಲು. ಒಂದೇ ದೀಪ ಮುಂದೆ ಸಾಗುತ್ತದೆ. ಮೂರು ಕಡೆ ನಿಂತು ಅದನ್ನು ಎತ್ತಿ ಹಿಡಿದು ಕ್ರಿಸ್ತರ ಜ್ಯೋತಿಯನ್ನು ಸಾರುತ್ತಾರೆ. ಎರಡನೆಯ ನಿಲುಗಡೆಯ ನಂತರ ಉರಿ ಜನರ ಕೈಗೆ ಇಳಿಯುತ್ತದೆ. ನಿಮ್ಮ ಪಕ್ಕದ ಅಜ್ಜಿ ಮೆಲ್ಲಗೆ ಹೇಳಿಕೊಡುತ್ತಾರೆ: "ಹತ್ತಿರೋದ್ನ ಬಗ್ಗಿಸಬ್ಯಾಡ ಕಂದ, ಹತ್ತದೇ ಇರೋದ್ನ ಬಗ್ಗಿಸಿ ಹಚ್ಕೋಬೇಕು." ಉರಿಯುವ ಮೋಂಬತ್ತಿ ನೆಟ್ಟಗಿದ್ದರೆ ಮೇಣ ಯಾರ ಸೀರೆಯ ಮೇಲೂ ಬೀಳುವುದಿಲ್ಲ. ಸಾಲಿನಿಂದ ಸಾಲಿಗೆ ಮುಖಗಳು ಬೆಳಗುತ್ತಾ ಹೋಗುತ್ತವೆ. ಆಮೇಲೆ ಆ ದೀಪವನ್ನೇ ಕುರಿತ ಉದ್ದನೆ ಹಾಡು. ಮೇಣ ಕೊಟ್ಟ ಜೇನುಹುಳುವಿಗೂ ಅದರಲ್ಲಿ ಜಾಗವಿದೆ.

ಮೋಂಬತ್ತಿ ಆರಿಸಿ ಕೂತುಕೊಳ್ಳಿ, ಈಗ ಕಥೆ ಕೇಳುವ ಹೊತ್ತು. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳು, ಒಂದೊಂದಕ್ಕೂ ಒಂದು ಕೀರ್ತನೆ, ಒಂದು ಪ್ರಾರ್ಥನೆ. ಜಗತ್ತು ಹುಟ್ಟಿದ್ದು, ಅಬ್ರಹಾಮ ಮಗನನ್ನು ಬಲಿಗೆ ಒಯ್ದದ್ದು, ಗುಲಾಮಗಿರಿಯಿಂದ ಬಿಡಿಸಿಕೊಂಡ ಜನ ಸಮುದ್ರ ದಾಟಿದ್ದು, ಪ್ರವಾದಿಗಳ ಮಾತು. ಹೊತ್ತಿಲ್ಲದಿದ್ದರೆ ಏಳನ್ನು ಮೂರಕ್ಕೆ ಇಳಿಸಬಹುದು, ಸಮುದ್ರ ದಾಟಿದ ಕಥೆಯನ್ನು ಮಾತ್ರ ಬಿಡುವಂತಿಲ್ಲ. ಇಲ್ಲಿ ಏಳನ್ನೂ ಓದುತ್ತಾರೆ. ಮಕ್ಕಳು ತಾಯಂದಿರ ತೊಡೆಯ ಮೇಲೆ ಮಲಗಿದ್ದಾರೆ, ದೊಡ್ಡವರ ತಲೆಗಳೂ ತೂಗುತ್ತಿವೆ.

ಏಳನೆಯದು ಮುಗಿದದ್ದೇ ತಡ, ಬಲಿಪೀಠದ ದೀಪಗಳು ಹತ್ತಿದವು, ಗುರುಗಳು ಮಹಿಮಾಗಾನ ಎತ್ತಿದರು. ಗೋಪುರದ ಗಂಟೆಗೆ ಬಿಡುಗಡೆಯಾಯಿತು. ಬೆಚ್ಚಿ ಎದ್ದ ಕೂಸುಗಳ ಅಳು, ಕೈಗಂಟೆ, ಹಾರ್ಮೋನಿಯಂ, ಊರ ನಾಯಿಗಳು, ಎಲ್ಲ ಒಟ್ಟಿಗೆ. ಗುರುವಾರದಿಂದ ಒಂದೊಂದಾಗಿ ತೆಗೆದಿಟ್ಟದ್ದೆಲ್ಲ ಈಗ ಒಂದೊಂದಾಗಿ ವಾಪಸ್ಸು ಬರುತ್ತದೆ. ಮೊದಲು ಬೆಳಕು, ಆಮೇಲೆ ಗಂಟೆ. ವಿಭೂತಿ ಬುಧವಾರದಿಂದ ಯಾರೂ ಉಚ್ಚರಿಸದಿದ್ದ ಅಲ್ಲೆಲೂಯ ಮೂರು ಸಲ, ಪ್ರತಿಸಲ ಇನ್ನಷ್ಟು ಎತ್ತರದ ಶ್ರುತಿಯಲ್ಲಿ. ಖಾಲಿ ಸಮಾಧಿಯ ಶುಭಸಂದೇಶ. ನಂತರ ನೀರು. ಪಾಸ್ಖ ದೀಪದ ಬುಡವನ್ನು ತೊಟ್ಟಿಗೆ ಇಳಿಸಿ ನೀರನ್ನು ಆಶೀರ್ವದಿಸುತ್ತಾರೆ. ದೀಕ್ಷೆ ಪಡೆಯುವವರಿದ್ದರೆ ಅದೇ ನೀರಿನಲ್ಲಿ ಅವರಿಗೆ ದೀಕ್ಷಾಸ್ನಾನವಾಗುತ್ತದೆ. ಉಳಿದವರು ಮೋಂಬತ್ತಿಯನ್ನು ಮತ್ತೆ ಹಚ್ಚಿ ತಮ್ಮ ದೀಕ್ಷೆಯ ಪ್ರತಿಜ್ಞೆಯನ್ನು ಹೊಸದಾಗಿ ಹೇಳುತ್ತಾರೆ. ಒಣಗಿದ್ದ ತೀರ್ಥದ ಬಟ್ಟಲುಗಳು ತುಂಬುತ್ತವೆ. ಕೊನೆಗೆ ಬಲಿಪೂಜೆ, ಎರಡು ದಿನದ ನಂತರ ಹೊಸದಾದ ಪ್ರಸಾದ.

ಪೂರ್ವ ದಿಕ್ಕಿನ ಕಿಟಕಿ ಇನ್ನೂ ಕಪ್ಪಾಗಿರುವಾಗಲೇ ಗುರುಗಳು ಕೈ ಚಾಚಿ ಆಶೀರ್ವದಿಸುತ್ತಾರೆ, ಹೋಗಿಬನ್ನಿ ಎಂದು ಎರಡು ಅಲ್ಲೆಲೂಯ ಸೇರಿಸಿ ಹಾಡುತ್ತಾರೆ. ಗುರುವಾರ ಸಂಜೆಯಿಂದ ತಡೆದಿಟ್ಟ ಬೀಳ್ಕೊಡುಗೆ ಇದು. ಶಿಲುಬೆಯ ಗುರುತಿನಿಂದ ಶುರುವಾದ ಪೂಜೆ ಇಲ್ಲಿಗೆ ಮುಗಿಯಿತು. ಅಂಗಳದಲ್ಲಿ ಹಬ್ಬದ ಶುಭಾಶಯ, ಬಿಸಿ ಕಾಫಿ. ಐದೂವರೆಗೆ ಮಾಂಸದಂಗಡಿ ಬಾಗಿಲು ತೆಗೆದರೆ ಅಲ್ಲಿ ಆಗಲೇ ಚೀಲ ಹಿಡಿದವರ ಸಾಲು. ಪಾಸ್ಖ ದೀಪ ಇನ್ನು ಐವತ್ತನೆಯ ದಿನದ ಪೆಂತೆಕೋಸ್ತಿನವರೆಗೆ ಬಲಿಪೀಠದ ಪಕ್ಕ ಇರುತ್ತದೆ. ಆಮೇಲೆ ತೊಟ್ಟಿಯ ಬಳಿಗೆ ಸರಿದು, ಕೂಸುಗಳ ದೀಕ್ಷೆಗೂ ಊರಲ್ಲಿ ಸತ್ತವರ ಪೆಟ್ಟಿಗೆಯ ಪಕ್ಕದಲ್ಲೂ ಉರಿಯುತ್ತದೆ.

ಮುಂದಿನ ವರ್ಷ ಇದನ್ನು ನೋಡಬೇಕೆನ್ನುವವರು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಬಹುದು. 2027ರಲ್ಲಿ ಹುಣ್ಣಿಮೆ ಮಾರ್ಚ್ 22ಕ್ಕೇ ಬೀಳುವುದರಿಂದ ಗರಿಗಳ ಭಾನುವಾರ 21, ಗುರುವಾರ 25, ಹಬ್ಬ 28. ಎಳನೀರಿನ ಬಿಸಿಲು ಇನ್ನೂ ಶುರುವಾಗುತ್ತಿರುವ ಹೊತ್ತು. ಬಿಡುವು ಒಂದೇ ದಿನಕ್ಕೆ ಸಿಕ್ಕುವುದಾದರೆ ಬೆಳಗಿನ ಜಾವದ ಜಾಗರಣೆಗೇ ಬನ್ನಿ. ಗುರುವಾರ ಸಂಜೆ ಬಂದಿರೋ, ಭಾನುವಾರದವರೆಗೂ ಇರಬೇಕಾಗುತ್ತದೆ. ನಡುವೆ ನಿಮ್ಮನ್ನು ಬೀಳ್ಕೊಡುವವರು ಯಾರೂ ಇಲ್ಲ.